ಅಂಗಿ, ಕುಲಾವಿ ಹೊಸದು, ಮುಖ ಮಾತ್ರ ಅದೇ: ನಾಮಕರಣದ ಫೋಟೊ ಎಡಿಟ್ ಮಾಡುವ ಬಗೆ

ನಾಮಕರಣದ ದಿನ ಮಗುವಿನ ಒಂದು ಒಳ್ಳೆ ಫೋಟೊ ಸಿಗುವುದೇ ಕಷ್ಟ. ಜರಿ ಅಂಚಿನ ಹೊಸ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೇ ಮಗು ಮೈ ಕೆಂಪಗೆ ಮಾಡಿಕೊಂಡು ಅಳುತ್ತದೆ. ಅಜ್ಜಿ ಬಂದು ಅದನ್ನು ಬಿಚ್ಚಿ, ಕೈಗೆ ಸಿಕ್ಕ ಟವೆಲ್ ಸುತ್ತಿ ತೊಟ್ಟಿಲಿಗೆ ಹಾಕುತ್ತಾರೆ. ಮಗು ಹಾಯಾಗಿ ನಿದ್ದೆ ಹೋಗುತ್ತದೆ. ಆಗ ಯಾರೋ ಫೋನಿನಲ್ಲಿ ತೆಗೆದ ಫೋಟೊನೇ ಎಲ್ಲಕ್ಕಿಂತ ಚೆನ್ನಾಗಿ ಬಂದಿರುತ್ತದೆ. ಆಮೇಲೆ ಶುರುವಾಗುವುದು ಈ ಬೇಡಿಕೆ: "ಇದಕ್ಕೊಂದು ಮೆತ್ತನೆ ಹತ್ತಿ ಅಂಗಿ, ತಲೆಗೊಂದು ಕುಲಾವಿ ಹಾಕಿಕೊಡಿ. ಆದ್ರೆ ಮುಖ ಮುಟ್ಟಬೇಡಿ."

ತುಮಕೂರಿನ ಅಶೋಕ ರಸ್ತೆ, ಬಿ.ಎಚ್. ರಸ್ತೆ ಕಡೆ ಫೋಟೊ ಕೆಲಸ ಮಾಡುವವರಿಗೆ ಈ ಮಾತು ಹೊಸದೇನಲ್ಲ. ಈಗ ಎಐ ಟೂಲ್‌ಗಳು ಬಂದಿರುವುದರಿಂದ ಮನೆಯವರೇ ಕೂತು ಮಾಡಿಕೊಳ್ಳುತ್ತಾರೆ ಕೂಡ. ಬಟ್ಟೆ ಚೆನ್ನಾಗಿಯೇ ಬರುತ್ತದೆ. ಆದರೆ ಫೋಟೊ ನೋಡಿದ ತಾಯಿ ಒಂದು ಕ್ಷಣ ತಡೆದು, "ಇದು ನಮ್ಮ ಮಗು ಥರ ಇಲ್ವಲ್ಲ" ಅಂದುಬಿಡುತ್ತಾರೆ. ಎಲ್ಲಿ ವ್ಯತ್ಯಾಸ ಅಂತ ಅವರಿಗೂ ಹೇಳಲು ಬರುವುದಿಲ್ಲ. ಆದರೆ ಅವರು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಅದನ್ನು ಪೂರ್ತಿಯಾಗಿ ತಡೆಯುವುದು ಹೇಗೆ ಅಂತ ಇಲ್ಲಿ ನೋಡೋಣ.

ಉದಾಹರಣೆಗೆ ಒಂದು ಫೋಟೊ ಇಟ್ಟುಕೊಳ್ಳೋಣ. ಗುಬ್ಬಿ ಕಡೆಯ ಒಂದು ಹಳ್ಳಿಮನೆ. ಹನ್ನೆರಡನೇ ದಿನದ ಮಗು ತೊಟ್ಟಿಲಲ್ಲಿ ಮಲಗಿದೆ. ಎಡಗಡೆ ಬಾಗಿಲಿನಿಂದ ಬೆಳಕು ಬರುತ್ತಿದೆ. ಮೈಗೆ ಕೆಂಪು ಟವೆಲ್ ಸುತ್ತಿದ್ದಾರೆ, ತಲೆ ಬರಿದಾಗಿದೆ. ಒಂದು ಮುಷ್ಟಿ ಕೆನ್ನೆಗೆ ಒರಗಿದೆ. ಕೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು ಇದೆ. ಫೋಟೊದ ಅಳತೆ 3000×4000 ಪಿಕ್ಸೆಲ್. ಅದರಲ್ಲಿ ಮುಖದ ಅಗಲ, ಕಿವಿಯಿಂದ ಕಿವಿಗೆ, ಸುಮಾರು 900 ಪಿಕ್ಸೆಲ್.

"ಮುಖ ಹಾಗೇ ಇರಲಿ" ಅಂದರೂ ಯಾಕೆ ಬದಲಾಗುತ್ತದೆ

ಟೂಲ್‌ಗೆ ಫೋಟೊ ಕೊಟ್ಟು "ಬಟ್ಟೆ ಬದಲಿಸು, ಮುಖ ಹಾಗೇ ಇರಲಿ" ಅಂತ ಬರೆದರೆ, ಅದು ಬಟ್ಟೆ ಇರುವ ಜಾಗವನ್ನು ಮಾತ್ರ ಅಳಿಸಿ ಬರೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಟೂಲ್‌ಗಳು ಹಾಗೆ ಮಾಡುವುದಿಲ್ಲ. ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಮುಖವನ್ನೂ ಬರೆಯುತ್ತವೆ, ಮೂಲದ ಹತ್ತಿರ ಇರುವಂತೆ ಪ್ರಯತ್ನ ಮಾಡುತ್ತವೆ, ಅಷ್ಟೇ.

2022ರಲ್ಲಿ ಎಲ್ಲರಿಗೂ ಸಿಕ್ಕ ಸ್ಟೇಬಲ್ ಡಿಫ್ಯೂಷನ್ ಅನ್ನೇ ನೋಡಿ. ಅದು ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಮೊದಲು ಚಿತ್ರವನ್ನು ಕುಗ್ಗಿಸಿಕೊಳ್ಳುತ್ತದೆ. 8×8 ಪಿಕ್ಸೆಲ್‌ಗಳ ಒಂದು ಚೌಕದಲ್ಲಿ 64 ಪಿಕ್ಸೆಲ್ ಇರುತ್ತವೆ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಒಟ್ಟು 192 ಸಂಖ್ಯೆ ಆಯಿತು. ಅಷ್ಟನ್ನೂ ಅದು ಬರೀ 4 ಸಂಖ್ಯೆಗೆ ಇಳಿಸುತ್ತದೆ. ಎಲ್ಲ ಕೆಲಸ ಆ ನಾಲ್ಕರ ಮೇಲೆ ನಡೆಯುತ್ತದೆ. ಕೊನೆಗೆ ಆ ನಾಲ್ಕರಿಂದ ಮತ್ತೆ 64 ಪಿಕ್ಸೆಲ್ ಹಿಗ್ಗಿಸುತ್ತದೆ. ರಂಗೋಲಿಯನ್ನು ಫೋನಿನಲ್ಲಿ ಚುಕ್ಕಿ ಲೆಕ್ಕ ಹೇಳಿ ಇನ್ನೊಬ್ಬರ ಕೈಲಿ ಬಿಡಿಸಿದ ಹಾಗೆ ಇದು. ರಂಗೋಲಿ ಅದೇ ಬರುತ್ತದೆ, ಎಳೆ ಮಾತ್ರ ಅವರದ್ದು.

ನಮ್ಮ ಫೋಟೊಗೆ ಈ ಲೆಕ್ಕ ಹಾಕಿ ನೋಡಿ. ಇಂಥ ಟೂಲ್‌ಗೆ 4000 ಪಿಕ್ಸೆಲ್ ಎತ್ತರದ ಚಿತ್ರ ಕೊಟ್ಟರೆ ಅದು ಮೊದಲೇ ಅದನ್ನು ಸುಮಾರು 1152ಕ್ಕೆ ಇಳಿಸಿಕೊಳ್ಳುತ್ತದೆ. 900 ಇದ್ದ ಮುಖದ ಅಗಲ 260ರ ಆಸುಪಾಸಿಗೆ ಬಂತು. ಅದನ್ನು 8ರಿಂದ ಭಾಗಿಸಿದರೆ ಮುಖ ಪೂರ್ತಿ 32 ಚೌಕದ ಅಗಲ. ಮುಚ್ಚಿದ ಕಣ್ಣಿನ ರೆಪ್ಪೆಗೆರೆ 200 ಪಿಕ್ಸೆಲ್ ಇತ್ತು, ಅದೀಗ ಏಳು ಚೌಕ. 60 ಪಿಕ್ಸೆಲ್ ಇದ್ದ ದೃಷ್ಟಿಬೊಟ್ಟಿಗೆ ಎರಡೇ ಚೌಕ. ಎರಡು ಚೌಕದಲ್ಲಿ ಕಾಡಿಗೆಯ ಒರಟು ಅಂಚು, ಅಮ್ಮನ ಬೆರಳಿಂದ ಸ್ವಲ್ಪ ಜಾರಿದ ಗುರುತು ಇವೆಲ್ಲ ಎಲ್ಲಿ ಉಳಿಯುತ್ತವೆ? ಅದಕ್ಕೇ ಎಡಿಟ್ ಆದ ಫೋಟೊದಲ್ಲಿ ಬೊಟ್ಟು ಒಂದೋ ಗುಂಡಗೆ ನೀಟಾಗಿ ಇರುತ್ತದೆ, ಇಲ್ಲವೇ ಜಾಗ ಬದಲಿಸಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ.

ಕಳೆದುಹೋದ ವಿವರದ ಜಾಗವನ್ನು ಟೂಲ್ ಖಾಲಿ ಬಿಡುವುದಿಲ್ಲ. ತಾನು ಕಲಿತ ಸಾವಿರಾರು ಮಕ್ಕಳ ಮುಖದಿಂದ ತುಂಬುತ್ತದೆ. ಹನ್ನೆರಡು ದಿನದ ಮಗುವಿನ ಮುಖದಲ್ಲಿ ಏನೇನಿರುತ್ತದೆ ನೋಡಿ. ಊದಿದ ಕಣ್ಣುರೆಪ್ಪೆ, ಮೂಗಿನ ಮೇಲೆ ಸಣ್ಣ ಬಿಳಿ ಗುಳ್ಳೆ, ಅಲ್ಲಲ್ಲಿ ಸುಲಿಯುವ ಚರ್ಮ, ಹುಬ್ಬುಗಳ ನಡುವೆ ತಿಳಿ ಕೆಂಪು ಮಚ್ಚೆ. ಟೂಲ್‌ಗೆ ಇವೆಲ್ಲ ಕಲೆ. ಅಳಿಸಿ ನುಣುಪು ಮಾಡುತ್ತದೆ. ರೆಪ್ಪೆಯ ಊತ ಇಳಿಸುತ್ತದೆ. ಹೊರಗೆ ಬರುವುದು ನಾಲ್ಕೈದು ತಿಂಗಳ ಮುದ್ದು ಮಗು. ಚೆಂದವೇನೋ ಇರುತ್ತದೆ. ನಿಮ್ಮ ಮನೆಯದಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಸಣ್ಣದು. ಆದರೆ ಅದನ್ನು ಗಮನಿಸುವವರು ಕಡಿಮೆ. ಈ ಟೂಲ್‌ಗಳು ತಮಗೆ ಒಗ್ಗಿದ ಕೆಲವು ಅಳತೆಗಳಲ್ಲಿ ಮಾತ್ರ ಚಿತ್ರ ಬರೆಯುತ್ತವೆ. 896×1152 ಅಂಥ ಒಂದು ಅಳತೆ. ನಮ್ಮ ಫೋಟೊದ ಅಗಲ ಎತ್ತರದ ಮುಕ್ಕಾಲು ಪಾಲು. 896×1152ರಲ್ಲಿ ಅಗಲ ಅದಕ್ಕಿಂತ ಸ್ವಲ್ಪ ಜಾಸ್ತಿ. ಟೂಲ್ ಅಂಚು ಕತ್ತರಿಸದೆ ಎಳೆದು ಹೊಂದಿಸಿದರೆ ಮುಖ ಶೇಕಡಾ ನಾಲ್ಕರ ಹತ್ತಿರ ಅಗಲವಾಗುತ್ತದೆ. ಕೆನ್ನೆ ತುಂಬಿಕೊಂಡಂತೆ ಕಾಣುತ್ತದೆ. ತಾಯಿಗೆ "ಏನೋ ಬೇರೆ" ಅನ್ನಿಸಲು ಅಷ್ಟು ಸಾಕು.

ಟೂಲ್ ಬಟ್ಟೆ ಬರೆಯಲಿ, ಮುಖ ಮೂಲದಿಂದ ಬರಲಿ

ಕಾರಣ ಗೊತ್ತಾದ ಮೇಲೆ ದಾರಿಯೂ ಗೊತ್ತಾಗುತ್ತದೆ. ಮುಖ ಬದಲಿಸಬೇಡ ಅಂತ ಟೂಲ್‌ಗೆ ಬೇಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅದು ಬರೆದ ಮುಖ ನಮಗೆ ಬೇಡವೇ ಬೇಡ. ಅದರಿಂದ ಬಟ್ಟೆ ಮತ್ತು ಕುಲಾವಿ ಮಾತ್ರ ತೆಗೆದುಕೊಂಡು, ಮುಖವನ್ನು ಮೂಲ ಫೋಟೊದಿಂದಲೇ ಇಟ್ಟುಕೊಳ್ಳಬೇಕು. ಇದಕ್ಕೆ ಪದರ ಮತ್ತು ಮುಸುಕು ಬೇಕು, ಅಂದರೆ ಲೇಯರ್ ಮತ್ತು ಮಾಸ್ಕ್. ಗಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇವೆರಡೂ ಇವೆ. ಫೋಟೊಶಾಪ್ ಇದ್ದವರು ಅದರಲ್ಲೇ ಮಾಡಬಹುದು, ಕೆಲಸ ಒಂದೇ.

ಮೊದಲ ಹೆಜ್ಜೆ, ಇಡೀ ಫೋಟೊವನ್ನು ಟೂಲ್‌ಗೆ ಕೊಡದಿರುವುದು. ತಲೆ ಮತ್ತು ಮೈ ಹಿಡಿಯುವಷ್ಟು ಒಂದು ಚೌಕ, ಸರಿಯಾಗಿ 2048×2048, ಮೂಲದಿಂದ ಕತ್ತರಿಸಿಕೊಳ್ಳಿ. ಕತ್ತರಿಸಿದ ಜಾಗ ಎಲ್ಲಿಂದ ಶುರುವಾಯಿತು ಅಂತ ಎಡದ ಅಂಚು, ಮೇಲಿನ ಅಂಚಿನ ಲೆಕ್ಕ ಬರೆದಿಟ್ಟುಕೊಳ್ಳಿ. ಅದನ್ನು 1024×1024ಕ್ಕೆ ಇಳಿಸಿ ಕೊಡಿ. ಸರಿಯಾಗಿ ಅರ್ಧ ಆದ್ದರಿಂದ ಎಳೆತವಿಲ್ಲ. ವಾಪಸ್ ಬಂದ ಚಿತ್ರವನ್ನು ಎರಡರಷ್ಟು ಹಿಗ್ಗಿಸಿ ಅದೇ ಜಾಗಕ್ಕೆ ಇಡಬಹುದು.

ಈ ದಾರಿಯಲ್ಲಿ ಇನ್ನೊಂದು ಅನುಕೂಲವಿದೆ. ನಮಗೆ ಅದು ಬರೆದ ಮುಖ ಬೇಡ ಅಂದಮೇಲೆ, ಮಗುವಿನ ಮುಖವನ್ನು ಆನ್‌ಲೈನ್ ಟೂಲ್‌ಗೆ ಕಳಿಸುವ ಅಗತ್ಯ ಏನಿದೆ? ಕಳಿಸುವ ಪ್ರತಿಯಲ್ಲಿ ಕಣ್ಣಿನಿಂದ ಬಾಯಿವರೆಗಿನ ಜಾಗಕ್ಕೆ ಚರ್ಮದ ಬಣ್ಣ ಬಳಿದುಬಿಡಿ. ಹಣೆ, ಕಿವಿ, ಗಲ್ಲದ ಗೆರೆ ಹಾಗೇ ಇರಲಿ. ತಲೆ ಯಾವ ಕಡೆ ತಿರುಗಿದೆ ಅಂತ ಟೂಲ್‌ಗೆ ತಿಳಿಯಲು ಅಷ್ಟು ಸಾಕಾಗುತ್ತದೆ. ಕೆಲವೊಮ್ಮೆ ಬಳಿದ ಜಾಗದಲ್ಲಿ ಅದು ತನ್ನದೇ ಒಂದು ಮುಖ ಬರೆಯುತ್ತದೆ. ಬರೆದುಕೊಳ್ಳಲಿ, ಹೇಗೂ ಅದು ಮುಸುಕಿನ ಹಿಂದೆ ಹೋಗುವಂಥದ್ದು. ಸ್ಟುಡಿಯೊದವರು ಇನ್ನೊಬ್ಬರ ಮಗುವಿನ ಫೋಟೊ ಕಳಿಸುವ ಮೊದಲು ತಂದೆ ತಾಯಿಯನ್ನು ಕೇಳಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ.

ಕೆಂಪು ಟವೆಲ್ ವಿಷಯ. ಟೂಲ್ ಮೂಲದ ಬಣ್ಣವನ್ನು ಹಿಡಿದುಕೊಂಡು ಕೂರುತ್ತದೆ. ಸ್ವಲ್ಪವೇ ಬದಲಿಸು ಅಂದರೆ ಗುಲಾಬಿ ಅಂಗಿ ಬರುತ್ತದೆ. ಪೂರ್ತಿ ಬದಲಿಸು ಅಂದರೆ ಟವೆಲ್ಲಿನ ಮಡಿಕೆ, ಮೈಯ ಉಬ್ಬು ತಗ್ಗು ಎಲ್ಲ ಹೋಗಿ ಎಲ್ಲಿಂದಲೋ ತಂದ ಅಂಗಿ ಕೂರುತ್ತದೆ. ಇದಕ್ಕೊಂದು ಸುಲಭ ಉಪಾಯ: ಕಳಿಸುವ ಮೊದಲು ಟವೆಲ್ ಮೇಲೆ ನೀವೇ ಕೆನೆ ಬಣ್ಣ ತೆಳ್ಳಗೆ ಬಳಿಯಿರಿ, ಮಡಿಕೆಯ ನೆರಳು ಕೆಳಗಿಂದ ಕಾಣುವಂತೆ. ತಲೆಯ ಮೇಲೆ ಕುಲಾವಿಯ ಆಕಾರವನ್ನೂ ಒರಟಾಗಿ ಬಳಿಯಿರಿ. ಆಮೇಲೆ ಬದಲಾವಣೆಯ ಪ್ರಮಾಣವನ್ನು 0.6ರಿಂದ 0.75ರ ನಡುವೆ ಇಟ್ಟರೆ ಮಡಿಕೆ ಉಳಿದು ಬಟ್ಟೆ ಬದಲಾಗುತ್ತದೆ. ಆ ಪ್ರಮಾಣದ ಹೆಸರು ಕೆಲವು ಟೂಲ್‌ಗಳಲ್ಲಿ `Denoising strength` ಅಂತ ಇರುತ್ತದೆ.

ಬರೆದು ಕೊಡುವ ಮಾತಿನಲ್ಲಿ ಬಟ್ಟೆಯ ವಿಷಯ ಮಾತ್ರ ಇರಲಿ. ಮುಖ, ಮುದ್ದು, ಹಬ್ಬ, ಸಮಾರಂಭ ಯಾವುದೂ ಬೇಡ. ಸಮಾರಂಭ ಅಂದ ತಕ್ಷಣ ಹೊಳೆಯುವ ಶೇರ್ವಾನಿ, ಪೇಟ ಬಂದು ಕೂರುತ್ತವೆ. ಇಷ್ಟು ಸಾಕು:

```
plain off-white cotton baby vest, side ties, thin muslin,
small round cotton cap, red piping, soft window light from left
```

ಇಲ್ಲಿ ಕೇಳಿರುವುದು ಮಲ್‌ಮಲ್ ಬಟ್ಟೆಯ, ಪಕ್ಕದಲ್ಲಿ ದಾರ ಕಟ್ಟುವ ಸರಳ ಅಂಗಿ, ಗುಂಡನೆ ಪುಟ್ಟ ಕುಲಾವಿ, ಅಂಚಿಗೆ ಕೆಂಪು ಪೈಪಿಂಗ್, ಎಡಗಡೆಯಿಂದ ಮೆದು ಬೆಳಕು. ಕೆಂಪು ಪೈಪಿಂಗ್ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಬಂದ ಬಟ್ಟೆ ನಿಜಕ್ಕೂ ಹತ್ತಿಯಂತೆ ಇದೆಯಾ ಅಂತ ನೋಡಿ. ಟೂಲ್‌ಗಳಿಗೆ ಬಟ್ಟೆ ಅಂದರೆ ಸ್ಯಾಟಿನ್ ಮೇಲೆ ಒಲವು. ಮಡಿಕೆಯ ಏಣಿನಲ್ಲಿ ಬಿಳಿ ಹೊಳಪಿನ ಗೆರೆ ಕಂಡರೆ ಅದು ಹತ್ತಿಯಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿಗೆ ಹೊಳಪಿರುವುದಿಲ್ಲ. ಬೆಳಕಿನಿಂದ ನೆರಳಿಗೆ ಮೆಲ್ಲಗೆ ಇಳಿಯುತ್ತದೆ. ಸಣ್ಣ ಸುಕ್ಕುಗಳು ಅಡ್ಡಾದಿಡ್ಡಿ ಇರುತ್ತವೆ. ಮೊದಲ ಅಂಗಿಯನ್ನು ಹಳೇ ಪಂಚೆಯಲ್ಲೋ ಹತ್ತಿ ಸೀರೆಯಲ್ಲೋ ಹೊಲಿಯುವ ಮನೆಗಳಲ್ಲಿ ಅಜ್ಜಿಯಂದಿರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನನ್ನ ಮಾತು ಕೇಳಿದರೆ, ಮನೆಯಲ್ಲಿ ನಿಜವಾದ ಕುಲಾವಿ, ಅಂಗಿ ಇದ್ದಾಗ ಟೂಲ್ ಬೇಕಾಗಿಯೇ ಇಲ್ಲ. ಅಂಗಿಯೊಳಗೆ ಒಂದು ಟವೆಲ್ ಸುತ್ತಿ ಇಡಿ. ಮಗುವಿನ ತಲೆಯಷ್ಟೇ ದಪ್ಪದ ಬಟ್ಟೆ ಉಂಡೆಗೆ ಕುಲಾವಿ ಹಾಕಿ. ಅದೇ ತೊಟ್ಟಿಲು, ಅದೇ ಬಾಗಿಲ ಬೆಳಕು, ಅದೇ ಎತ್ತರದಿಂದ ಫೋಟೊ ತೆಗೆಯಿರಿ. ಅದನ್ನೇ ಪದರವಾಗಿ ಬಳಸಿ. ಬಟ್ಟೆ ಮನೆಯದೇ ಆಗಿರುತ್ತದೆ, ನೇಯ್ಗೆಯೂ ಸ್ಪಷ್ಟವಾಗಿ ಬರುತ್ತದೆ. ಮಗು ಸುಮ್ನೆ ಮಲಗಿರಬಹುದು. ಇಲ್ಲಿಂದ ಮುಂದಿನ ಕೆಲಸ ಎರಡಕ್ಕೂ ಒಂದೇ.

ಮುಸುಕಿನ ಅಂಚು ಎಲ್ಲಿ ಹಾಯಬೇಕು

ಗಿಂಪ್‌ನಲ್ಲಿ ಮೂಲ ಫೋಟೊ ತೆರೆಯಿರಿ. ಅದು ಕೆಳಗಿನ ಪದರ. ಅದನ್ನು ಮುಟ್ಟಲೇಬೇಡಿ. ಹೊಸ ಬಟ್ಟೆಯ ಚಿತ್ರವನ್ನು ಅದರ ಮೇಲೆ, ಬರೆದಿಟ್ಟ ಜಾಗಕ್ಕೆ ಸರಿಯಾಗಿ ಇಡಿ. ಮೇಲಿನ ಪದರದ `Mode` ಅನ್ನು `Difference` ಮಾಡಿ. ಈಗ ಎರಡು ಚಿತ್ರ ಎಲ್ಲಿ ಒಂದೇ ಇವೆಯೋ ಅಲ್ಲಿ ಕಪ್ಪು, ಬೇರೆ ಇರುವಲ್ಲಿ ಬೆಳಕು ಕಾಣುತ್ತದೆ. ತೊಟ್ಟಿಲಿನ ಮರದ ಅಂಚು ನೋಡಿ. ಅಲ್ಲಿ ಜೋಡಿ ಗೆರೆ ಕಂಡರೆ ಪದರ ಒಂದೆರಡು ಪಿಕ್ಸೆಲ್ ಜರುಗಿದೆ ಅಂತ ಅರ್ಥ. ಬಾಣದ ಕೀಲಿ ಒತ್ತಿ ಸರಿಸುತ್ತಾ ಹೋದರೆ ಒಂದು ಕಡೆ ಗೆರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಅಲ್ಲಿ ನಿಲ್ಲಿಸಿ, ಮೋಡ್ ಮತ್ತೆ `Normal` ಮಾಡಿ.

ಈಗ ಮೇಲಿನ ಪದರಕ್ಕೆ `Add Layer Mask` ಕೊಟ್ಟು, ಬಿಳಿ ಮುಸುಕು ಆರಿಸಿ. ಮುಸುಕಿನ ಮೇಲೆ ಕಪ್ಪು ಬಳಿದ ಕಡೆ ಮೇಲಿನ ಪದರ ಮರೆಯಾಗಿ ಕೆಳಗಿನ ಮೂಲ ಫೋಟೊ ಕಾಣುತ್ತದೆ. ಹಣೆ, ಕಣ್ಣು, ಮೂಗು, ಬಾಯಿ, ಕೆನ್ನೆ, ಗಲ್ಲ ಎಲ್ಲದರ ಮೇಲೂ ಕಪ್ಪು ಬಳಿಯಿರಿ. ಕೆನ್ನೆಗೆ ಒರಗಿದ ಮುಷ್ಟಿಯನ್ನೂ ಮುಖದ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಬೆರಳುಗಳನ್ನು ಟೂಲ್ ಕೆಡಿಸುವಷ್ಟು ಬೇರೆ ಯಾವುದನ್ನೂ ಕೆಡಿಸುವುದಿಲ್ಲ.

ಕಷ್ಟ ಇರುವುದು ಅಂಚಿನಲ್ಲಿ. ಒಂದು ನಿಯಮ ನೆನಪಿಟ್ಟುಕೊಂಡರೆ ಸಾಕು: ಚರ್ಮ ಚರ್ಮಕ್ಕೆ ಸೇರುವ ಕಡೆ ಅಂಚು ಹಾಯಿಸಬೇಡಿ, ಬಟ್ಟೆ ಚರ್ಮಕ್ಕೆ ಸೇರುವ ಕಡೆ ಹಾಯಿಸಿ. ಹಣೆಯಲ್ಲಿ ಕುಲಾವಿಯ ಅಂಚೇ ಮುಸುಕಿನ ಅಂಚು. ಕೆಳಗೆ ಅಂಗಿಯ ಕೊರಳಪಟ್ಟಿ. ಕೆನ್ನೆಯ ನಡುವೆ ಅಂಚು ಹಾದರೆ ಒಂದು ಕಡೆ ಟೂಲ್ ಬರೆದ ನುಣುಪು ಚರ್ಮ, ಇನ್ನೊಂದು ಕಡೆ ನಿಜವಾದ ಚರ್ಮ ಬಂದು ಕೂಡು ಗೆರೆ ಎದ್ದು ಕಾಣುತ್ತದೆ. ಬಟ್ಟೆಯ ಅಂಚಿನಲ್ಲಿ ಬ್ರಷ್ಷಿನ ಮೃದುತನ ಎರಡು ಮೂರು ಪಿಕ್ಸೆಲ್ ಸಾಕು. ಜಾಸ್ತಿ ಮಾಡಿದರೆ ಕುಲಾವಿ ಹಣೆಯ ಮೇಲೆ ಮಂಜಿನಂತೆ ಕರಗುತ್ತದೆ. ಗಲ್ಲದ ಕೆಳಗೆ ಎಳೆ ಮಗುವಿಗೆ ಕತ್ತು ಕಾಣುವುದೇ ಅಪರೂಪ, ಮಡಿಕೆಯ ನೆರಳಿರುತ್ತದೆ. ಆ ನೆರಳೊಳಗೆ ಅಂಚು ಬಚ್ಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಪಿಕ್ಸೆಲ್ ಬದಲಾಗದೆಯೂ ಮುಖ ಬದಲಾಗುವುದು

ಇಲ್ಲಿಯವರೆಗೆ ಎಲ್ಲ ಸರಿಯಾಗಿ ಮಾಡಿದ್ದೀರಿ. ಮುಖದ ಪ್ರತಿ ಪಿಕ್ಸೆಲ್ ಮೂಲದ್ದೇ. ಆದರೂ ಮಗು ದೊಡ್ಡದಾದ ಹಾಗೆ ಕಾಣಬಹುದು. ಇದು ಕುಲಾವಿಯ ತಪ್ಪು.

ದೊಡ್ಡವರ ತಲೆಯಲ್ಲಿ ಕಣ್ಣು ಸರಿಸುಮಾರು ನಡುಮಧ್ಯೆ ಇರುತ್ತದೆ. ಗಲ್ಲದಿಂದ ಕಣ್ಣಿಗೆ ಎಷ್ಟೋ, ಕಣ್ಣಿಂದ ನೆತ್ತಿಗೂ ಅಷ್ಟೇ. ಎಳೆ ಮಗುವಿನಲ್ಲಿ ಹಾಗಲ್ಲ. ಬುರುಡೆ ದೊಡ್ಡದು, ದವಡೆ ಚಿಕ್ಕದು. ಹಾಗಾಗಿ ಕಣ್ಣು ಮಧ್ಯಕ್ಕಿಂತ ಕೆಳಗಿರುತ್ತದೆ. ನೋಡಿದ ತಕ್ಷಣ "ಎಳೆ ಕೂಸು" ಅಂತ ನಮಗೆ ಅನ್ನಿಸಲು ಇದೊಂದು ದೊಡ್ಡ ಕಾರಣ. ನಮ್ಮ ಫೋಟೊದಲ್ಲಿ ಗಲ್ಲದಿಂದ ನೆತ್ತಿಗೆ 1100 ಪಿಕ್ಸೆಲ್ ಇದೆ ಅಂದುಕೊಳ್ಳಿ. ಗಲ್ಲದಿಂದ ಕಣ್ಣಿಗೆ 480, ಕಣ್ಣಿಂದ ನೆತ್ತಿಗೆ 620.

ಟೂಲ್ ಕುಲಾವಿಯನ್ನು ಚಿಕ್ಕದಾಗಿ, ನೀಟಾಗಿ, ತಲೆಗೆ ಅಂಟಿದಂತೆ ಬರೆಯುತ್ತದೆ. ಹಾಗೆ ಬರೆಯುವಾಗ ನೆತ್ತಿಯನ್ನೇ ಸ್ವಲ್ಪ ಕೆಳಗಿಳಿಸಿಬಿಡುತ್ತದೆ. 620 ಇದ್ದದ್ದು 520 ಆಯಿತು ಅಂದರೆ ಕಣ್ಣು ಹೆಚ್ಚುಕಡಿಮೆ ಮಧ್ಯಕ್ಕೆ ಬಂತು. ಮುಖ ಅದೇ, ಆದರೆ ತಲೆ ಒಂದು ವರ್ಷದ ಮಗುವಿನದ್ದು. ಇದನ್ನು ಕಂಡುಹಿಡಿಯುವುದು ಸುಲಭ. ಮೇಲಿನ ಪದರದ `Opacity` ಅನ್ನು 50ಕ್ಕೆ ಇಳಿಸಿ. ಮೂಲ ತಲೆಯ ಗೆರೆ ಕುಲಾವಿಯ ಹೊರಗೆ ಕಂಡರೆ ಕುಲಾವಿ ಚಿಕ್ಕದಾಗಿದೆ. ನಿಜವಾದ ಟೋಪಿ ತಲೆಯ ಒಳಗೆ ಹೋಗಲು ಸಾಧ್ಯವಿಲ್ಲ ಅಲ್ವಾ? ಹೊರಗೇ ಇರಬೇಕು, ಸುತ್ತಲೂ ಸ್ವಲ್ಪ.

ಎಷ್ಟು ಹೊರಗೆ? ಹುಟ್ಟಿದ ಮಗುವಿನ ತಲೆಯ ಅಗಲ ಸುಮಾರು ಒಂಬತ್ತೂವರೆ ಸೆಂಟಿಮೀಟರ್. ನಮ್ಮ ಫೋಟೊದಲ್ಲಿ ಅದು 900 ಪಿಕ್ಸೆಲ್. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 95. ತೆಳು ಹತ್ತಿ ಬಟ್ಟೆ, ಅದರ ಸುಕ್ಕು ಸೇರಿ ಎರಡು ಮಿಲಿಮೀಟರ್ ಅಂದುಕೊಂಡರೆ 20 ಪಿಕ್ಸೆಲ್. ಕುಲಾವಿಯ ಹೊರಗೆರೆ ಮೂಲ ತಲೆಗಿಂತ ಅಷ್ಟು ಹೊರಗಿದ್ದರೆ ಸಾಕು. ಅಂಚು ಹುಬ್ಬಿನಿಂದ ಒಂದು ಬೆರಳಗಲ, ಅಂದರೆ 100ರಿಂದ 150 ಪಿಕ್ಸೆಲ್ ಮೇಲಿರಲಿ. ಅದಕ್ಕಿಂತ ಕೆಳಗೆ ಇಳಿದರೆ ಹಣೆ ಮುಚ್ಚಿ ಮುಖದ ಕಳೆಯೇ ಬೇರೆಯಾಗುತ್ತದೆ. ಅಳತೆ ತಪ್ಪಿದ್ದರೆ ಕುಲಾವಿಯನ್ನು ಬೇರೆ ಪದರ ಮಾಡಿಕೊಂಡು `Scale Layer`ನಲ್ಲಿ ಹಿಗ್ಗಿಸಿ. ಮುಖವನ್ನು ಹಿಗ್ಗಿಸಿ ಕುಲಾವಿಗೆ ಹೊಂದಿಸುವ ಆಸೆ ಬರುತ್ತದೆ, ಅದಕ್ಕೆ ಬೀಳಬೇಡಿ.

ಇನ್ನು ಬಣ್ಣ. ಕೆಂಪು ಟವೆಲ್ ಮೇಲೆ ಬಿದ್ದ ಬೆಳಕು ಪುಟಿದು ಮಗುವಿನ ಗಲ್ಲದ ಕೆಳಗೆ, ಕೆನ್ನೆಯ ಕೆಳಭಾಗಕ್ಕೆ ಕೆಂಪು ಛಾಯೆ ತಂದಿರುತ್ತದೆ. ಮುಖ ಮುಟ್ಟಬಾರದು ಅಂದಮೇಲೆ ಆ ಕೆಂಪು ಹಾಗೇ ಉಳಿಯುತ್ತದೆ. ಅದರ ಕೆಳಗೆ ಅಚ್ಚ ಬಿಳಿ ಅಂಗಿ ಇಟ್ಟರೆ ತಲೆ ಬೇರೆ ಕಡೆಯಿಂದ ತಂದು ಅಂಟಿಸಿದಂತೆ ಕಾಣುತ್ತದೆ. ಗಲ್ಲದ ಕೆಂಪನ್ನು ತೆಗೆಯುವುದು ಒಂದು ದಾರಿ. ಆದರೆ ಅದು ಮುಖ ಮುಟ್ಟಿದಂತೆಯೇ. ನಾನು ಅಂಗಿಯನ್ನೇ ಮುಖಕ್ಕೆ ಒಗ್ಗಿಸುವ ಪಕ್ಷ. ಬಿಳಿಯ ಬದಲು ಕೆನೆ ಬಣ್ಣ, ಕೊರಳ ಸುತ್ತ ಕೆಂಪು ಪೈಪಿಂಗ್. ಕಣ್ಣಿಗೆ ಕೆಂಪು ಎಲ್ಲಿಂದ ಬಂತು ಅಂತ ಒಂದು ಕಾರಣ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಟವೆಲ್ ನೀಲಿ ಇದ್ದರೆ ನೀಲಿ ಪೈಪಿಂಗ್.

ಕೊನೆಯದಾಗಿ ಕುಲಾವಿಯ ನೆರಳು. ಅಂಚಿನ ಕೆಳಗೆ ಹಣೆಯ ಮೇಲೆ ನೆರಳೇ ಇಲ್ಲದಿದ್ದರೆ ಕುಲಾವಿ ಸ್ಟಿಕರ್ ಥರ ಕಾಣುತ್ತದೆ. ನೆರಳು ಹಾಕಿದರೆ ಮುಖ ಬದಲಾಯಿತಲ್ಲ ಅನ್ನಬಹುದು. ಇದಕ್ಕೆ ಬೇರೆಯೇ ಪದರ ಮಾಡಿ, `Multiply` ಮೋಡ್ ಕೊಟ್ಟು, ತಿಳಿ ಕಂದು ಬಣ್ಣದಲ್ಲಿ ಮೆತ್ತನೆ ಬ್ರಷ್ಷಿನಿಂದ ಅಂಚಿನ ಕೆಳಗೆ 20-30 ಪಿಕ್ಸೆಲ್ ಎಳೆಯಿರಿ. ಪದರದ `Opacity` 15 ಅಥವಾ 20. ಬೆಳಕು ಎಡದಿಂದ ಬರುತ್ತಿರುವುದರಿಂದ ಬಲಗಡೆ ನೆರಳು ತುಸು ಗಾಢ. ಕಪ್ಪು ಬಣ್ಣ ಬೇಡ, ಹಣೆ ಕೊಳೆಯಾದಂತೆ ಕಾಣುತ್ತದೆ. ಕೆಳಗಿನ ಮುಖ ಹಾಗೇ ಇರುತ್ತದೆ. ಮನೆಯವರಿಗೆ ಬೇಡ ಅನ್ನಿಸಿದರೆ ಆ ಪದರ ಮರೆಮಾಡಿದರಾಯಿತು.

ನಿಜವಾಗಿ ಬದಲಾಗಿಲ್ಲ ಅಂತ ಖಚಿತ ಮಾಡಿಕೊಳ್ಳುವುದು

ಕಣ್ಣಳತೆಯನ್ನು ನಂಬಬೇಡಿ. ನೆರಳಿನ ಪದರ ಮರೆಮಾಡಿ, `New from Visible` ಕೊಟ್ಟು ಈಗ ಕಾಣುವುದನ್ನೆಲ್ಲ ಒಂದು ಪದರ ಮಾಡಿ. ಮೂಲ ಫೋಟೊದ ಒಂದು ನಕಲನ್ನು ಅದರ ಮೇಲೆ ಇಟ್ಟು ಮತ್ತೆ `Difference` ಮಾಡಿ. ಅಂಗಿ, ಕುಲಾವಿ ಬೆಳಗುತ್ತವೆ, ಮುಖ ಕಪ್ಪಗೆ ಕಾಣುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಸಣ್ಣ ವ್ಯತ್ಯಾಸವೂ ಬರಿಗಣ್ಣಿಗೆ ಕಪ್ಪೇ. ಮತ್ತೊಮ್ಮೆ `New from Visible` ಮಾಡಿ, `Levels` ತೆರೆದು, `Input Levels`ನಲ್ಲಿ 255ರಲ್ಲಿರುವ ಬಲಗಡೆಯ ಗುಂಡಿಯನ್ನು 20ಕ್ಕೆ ಎಳೆಯಿರಿ. ಅಡಗಿದ್ದ ವ್ಯತ್ಯಾಸ ಈಗ ಹತ್ತು ಹನ್ನೆರಡು ಪಟ್ಟು ಹೆಚ್ಚಿ ಹೊರಗೆ ಬರುತ್ತದೆ.

ಮುಖದ ಜಾಗ ಈಗಲೂ ಅಚ್ಚ ಕಪ್ಪಾಗಿದ್ದರೆ ಕೆಲಸ ಸರಿಯಾಗಿದೆ. ಕುಲಾವಿಯ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಬೆಳಕಿನ ಗೆರೆ ಇರುತ್ತದೆ. ಅದು ಬ್ರಷ್ಷಿನ ಮೃದು ಅಂಚು, ಇರಲಿ. ಕೆನ್ನೆಯ ಮೇಲೆ ಮೋಡದಂತೆ ಮಸುಕು ಬೆಳಕು ಕಂಡರೆ ಅಲ್ಲಿ ಮುಸುಕು ಪೂರ್ತಿ ಕಪ್ಪಾಗಿಲ್ಲ, ಬೂದು ಉಳಿದಿದೆ, ಮತ್ತೆ ಬಳಿಯಿರಿ. ಕಣ್ಣು, ಮೂಗಿನ ಆಕಾರವೇ ತೆಳ್ಳಗೆ ಗೆರೆಯಾಗಿ ಮೂಡಿದರೆ ಟೂಲ್ ಬರೆದ ಮುಖ ಮೇಲಿನಿಂದ ಇಣುಕುತ್ತಿದೆ ಅಂತ. ಮುಖದ ತುಂಬ ಪುಟ್ಟ ಪುಟ್ಟ ಚೌಕಗಳು ಕಂಡರೆ ಕಾರಣ ಬೇರೆ: ನಡುವೆ ಎಲ್ಲೋ ಜೆಪೆಗ್ ಆಗಿ ಸೇವ್ ಮಾಡಿ ಮತ್ತೆ ತೆರೆದಿದ್ದೀರಿ. ಜೆಪೆಗ್ ಕೂಡ ಚಿತ್ರವನ್ನು 8×8 ಚೌಕಗಳಾಗಿ ಹಿಂಡುತ್ತದೆ. ಹಾಗಾಗಿ ಕೆಲಸ ಮುಗಿಯುವವರೆಗೆ ಗಿಂಪ್‌ನದೇ `.xcf` ಫೈಲಿನಲ್ಲಿ ಇಟ್ಟುಕೊಳ್ಳಿ, ಒಂದೇ ಸಲ ಕೊನೆಗೆ ಹೊರಗೆ ತೆಗೆಯಿರಿ.

ಎರಡರಷ್ಟು ಹಿಗ್ಗಿಸಿದ ಬಟ್ಟೆ ಮುಖಕ್ಕಿಂತ ತುಸು ಮಂಕಾಗಿ, ನುಣುಪಾಗಿ ಕಾಣುತ್ತದೆ. ಫೋನಿನ ಫೋಟೊದಲ್ಲಿ, ಅದೂ ಮನೆಯೊಳಗಿನ ಬೆಳಕಿನಲ್ಲಿ, ಎಲ್ಲೆಡೆ ಮರಳು ಉದುರಿಸಿದಂಥ ಸಣ್ಣ ಕಾಳು ಇರುತ್ತದೆ. ಬಟ್ಟೆಯ ಪದರಕ್ಕೆ ಮಾತ್ರ ಸ್ವಲ್ಪ `Noise` ಸೇರಿಸಿ ಮುಖದ ಕಾಳಿಗೆ ಹೊಂದಿಸಿ. ಮುಖವನ್ನು ನುಣುಪು ಮಾಡಿ ಬಟ್ಟೆಗೆ ಹೊಂದಿಸುವುದು ತಲೆಕೆಳಗು ಕೆಲಸ.

ಪ್ರಿಂಟಿಗೆ 3000×4000 ಇದ್ದರೆ 12×16 ಇಂಚಿನ ಫ್ರೇಮಿಗೆ ಇಂಚಿಗೆ 250 ಪಿಕ್ಸೆಲ್ ಸಿಗುತ್ತದೆ, ಚೆನ್ನಾಗಿ ಬರುತ್ತದೆ. ಟೂಲ್ ಕೊಟ್ಟ 1024ರ ಚಿತ್ರವನ್ನೇ 12 ಇಂಚಿಗೆ ಹಾಕಿಸಿದ್ದರೆ 85 ಮಾತ್ರ ಸಿಗುತ್ತಿತ್ತು. ಜೆಪೆಗ್ ಗುಣಮಟ್ಟ 95 ಇಟ್ಟು ತೆಗೆಯಿರಿ. ಲ್ಯಾಬಿಗೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, `Document` ಆಗಿ ಕಳಿಸಿ. ಕಳಿಸುವಾಗಲೇ "ಆಟೊ ಕರೆಕ್ಷನ್ ಬೇಡ, ಸ್ಕಿನ್ ಸ್ಮೂತ್ ಬೇಡ" ಅಂತ ಒಂದು ಸಾಲು ಬರೆಯಿರಿ. ಪ್ರಿಂಟ್ ಮಾಡುವ ಮುಂಚೆ ಮುಖ ಬೆಳ್ಳಗೆ, ನುಣ್ಣಗೆ ಮಾಡುವ ಅಭ್ಯಾಸ ಕೆಲವು ಕಡೆ ಇದೆ. ಬೇಡ ಅಂತ ಹೇಳದಿದ್ದರೆ ಇಷ್ಟು ಹೊತ್ತು ಕಾಪಾಡಿದ ದೃಷ್ಟಿಬೊಟ್ಟನ್ನು ಅವರೇ ಕಲೆ ಅಂದುಕೊಂಡು ಒರೆಸಿಬಿಡುತ್ತಾರೆ.